ತೋಳಿನ ಅಳತೆ, ಮುಚ್ಚಳದ ಜಗಳ

ದೊಡ್ಡಕ್ಕನ ಮನೆಯಲ್ಲಿ ದೊಡ್ಡಕ್ಕನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕೆಲಸ ಮಾಡುತ್ತಿದ್ದರು. ಇದು ಮಗನ ಅಪ್ಪಣೆ, ಸೊಸೆಯ ಹೆಮ್ಮೆ, ಬೀದಿಗೆಲ್ಲ ಗೊತ್ತಿದ್ದ ವಿಚಾರ. ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವಷ್ಟರಲ್ಲಿ ಮಗ ಅದನ್ನು ಅವರ ಕಿವಿಗೆ ಹಾಕಿಬಿಡುತ್ತಿದ್ದ. ಅಮ್ಮನಿಗೆ ಒಂದು ಕಡ್ಡಿಯನ್ನೂ ಇಲ್ಲಿಂದ ಅಲ್ಲಿಗೆ ಎತ್ತಿಡಲು ಬಿಡುವುದಿಲ್ಲ, ಕುಡಿದ ಲೋಟವನ್ನು ಕೂಡ ಅವಳ ಕೈಯಿಂದ ನಾವೇ ಇಸಿದುಕೊಳ್ಳುತ್ತೇವೆ ಎಂದು ಅವನು ಹೇಳುವಾಗ, ಸೊಸೆ ಅದಕ್ಕೆ ಸಾಕ್ಷಿಯಾಗಿ ಲೋಟ ಇಸಿದುಕೊಳ್ಳಲು ಸಿದ್ಧಳಾಗಿ ನಿಂತಿರುತ್ತಿದ್ದಳು. ಬಂದವರು ಇಂಥ ಮಗ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು. ದೊಡ್ಡಕ್ಕ ಕಿಟಕಿ ಪಕ್ಕದ ಮೆತ್ತನೆ ಕುರ್ಚಿಯಲ್ಲಿ ಕೂತು ಹೌದೆನ್ನುವಂತೆ ತಲೆದೂಗುತ್ತಿದ್ದಳು.

ಆ ಕುರ್ಚಿ ಅಷ್ಟೇನೂ ಸಾಧಾರಣದ್ದಲ್ಲ. ಕೂತವರನ್ನು ಅರ್ಧ ನುಂಗುವಂಥದ್ದು. ಬೆಳಗಿನ ಚಹಾ, ಚಹಾದಲ್ಲಿ ಅದ್ದುವ ಬಿಸ್ಕತ್ತು, ಮಧ್ಯಾಹ್ನದ ಮೆತ್ತನೆ ಅನ್ನ, ಸಂಜೆಯ ಬ್ರೆಡ್ಡು, ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಬೇಳೆ ಕಾಳು ಹೊಟ್ಟೆ ಉಬ್ಬಿಸುತ್ತದೆಂದು, ಮೊಟ್ಟೆ ಉಷ್ಣವೆಂದು, ಹಾಲು ಕಫವೆಂದು ದೂರ ಇಟ್ಟಾಗಿತ್ತು. ಹೀಗೆ ಜೋಪಾನ ಮಾಡಿದ್ದಕ್ಕೆ ಫಲವೂ ಕಣ್ಣೆದುರಿಗೇ ಇತ್ತು. ವರ್ಷಗಳಿಂದ ಅವಳ ತೂಕ ಒಂದೇ ಆಗಿತ್ತು. ಕ್ಲಿನಿಕ್ಕಿನಲ್ಲಿ ತೂಕದ ಯಂತ್ರದ ಮೇಲೆ ಅಮ್ಮನನ್ನು ನಿಲ್ಲಿಸಿ, ಅಂಕಿ ಅದೇ ಬಂದೊಡನೆ ಮಗ ಸುತ್ತಲಿದ್ದವರ ಮುಖ ನೋಡುತ್ತಿದ್ದ. ತಾನೇ ಪರೀಕ್ಷೆ ಬರೆದು ಪಾಸಾದಷ್ಟು ಖುಷಿ ಅವನಿಗೆ.

ಈ ಸುಖದ ಸಂಸಾರದಲ್ಲಿ ಇದ್ದದ್ದು ಒಂದೇ ಕೊರತೆ. ದೊಡ್ಡಕ್ಕನಿಗೂ ಅವಳ ತಂಗಿಗೂ ಮಾತು ಬಿಟ್ಟುಹೋಗಿತ್ತು.

ತಂಗಿಯ ಮನೆ ಬಸ್ಸಿನಲ್ಲಿ ಹೋದರೆ ಸ್ವಲ್ಪ ದೂರ, ಮಹಡಿಯ ಮೇಲೆ. ಗಂಡಂದಿರು ಹೋದ ಮೇಲೆ ಅಕ್ಕತಂಗಿಯರು ಒಂದು ಭಾನುವಾರ ಇವಳ ಮನೆಯಲ್ಲಿ, ಮುಂದಿನ ಭಾನುವಾರ ಅವಳ ಮನೆಯಲ್ಲಿ ಸೇರುವುದು ರೂಢಿ. ಸೇರಿ ಮಾಡುತ್ತಿದ್ದದ್ದೇನೂ ಇಲ್ಲ, ಕಿತ್ತಾಡುತ್ತಿದ್ದರು. ದೊಡ್ಡಕ್ಕನಿಗೆ ಎದುರು ಮಾತಾಡುವ ಪ್ರಾಣಿ ಜಗತ್ತಿನಲ್ಲಿ ಅದೊಂದೇ ಉಳಿದಿತ್ತು. ಮಿಕ್ಕವರೆಲ್ಲ ಮರ್ಯಾದೆ ಕೊಟ್ಟು ಕೊಟ್ಟು ಅವಳನ್ನು ಗೋಡೆಗೆ ತೂಗುಹಾಕಿದ ಪಟದ ಹಾಗೆ ಮಾಡಿಟ್ಟಿದ್ದರು. ಈಗ ಭಾನುವಾರ ಬಂದರೆ ದೊಡ್ಡಕ್ಕನ ಕಣ್ಣು ತನಗೇ ತಿಳಿಯದೆ ಬೀದಿ ತುದಿಯ ಬಸ್‌ ನಿಲ್ದಾಣದತ್ತ ಹೋಗುತ್ತಿತ್ತು. ತಂಗಿಯಿಲ್ಲದೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು, ದಿನ ತುಂಬುತ್ತಿರಲಿಲ್ಲ.

ಜಗಳಕ್ಕೆ ಕಾರಣ ಒಂದು ಮುಚ್ಚಳ. ತಂಗಿಯ ಮಗಳ ಮದುವೆಯ ಕಾಲದಲ್ಲಿ ಕೊಟ್ಟಿದ್ದ ದೊಡ್ಡ ಹಿತ್ತಾಳೆ ಪಾತ್ರೆ ವಾಪಸ್ಸು ಬಂತು, ಮುಚ್ಚಳ ಬರಲಿಲ್ಲ ಎಂದು ದೊಡ್ಡಕ್ಕ ಎಷ್ಟೋ ವರ್ಷಗಳ ಮೇಲೆ ಇದ್ದಕ್ಕಿದ್ದಂತೆ ರಂಪ ಎಬ್ಬಿಸಿದ್ದಳು. ಅದೂ ತಂಗಿಯ ಮನೆಯ ಮೆಟ್ಟಿಲ ಮಧ್ಯದಲ್ಲಿ ನಿಂತು. ಅಲ್ಲಿಂದಲೇ ತಿರುಗಿ ಬಂದವಳು ಮುಚ್ಚಳ ಬರುವ ತನಕ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಸಾರಿದಳು. ತಂಗಿ ಮೇಲಿನಿಂದ ಇಷ್ಟೇ ಅಂದಿದ್ದಳಂತೆ: ಹಾಗಾದರೆ ನಾನೂ ಬರೋದಿಲ್ಲ ಬಿಡು. ಮಗ ಹೊಸ ಮುಚ್ಚಳ ತಂದುಕೊಡುತ್ತೇನೆಂದ, ಅಮ್ಮ ಜಗ್ಗಲಿಲ್ಲ. ತತ್ತ್ವದ ಪ್ರಶ್ನೆ ಅಂದಳು. ಮುಚ್ಚಳದಲ್ಲಿ ಅದೇನು ತತ್ತ್ವವೋ ಎಂದು ಮಗ ತಲೆ ಕೆರೆದುಕೊಂಡ.

ಹೀಗಿರುವಾಗ ರಕ್ತದೊತ್ತಡ ತೋರಿಸಲು ಕ್ಲಿನಿಕ್ಕಿಗೆ ಹೋಗುವ ದಿನ ಬಂತು. ತೂಕ ಎಂದಿನಂತೆ ಅಷ್ಟೇ ಬಂತು, ಮಗ ಎಂದಿನಂತೆ ಸುತ್ತ ನೋಡಿದ. ಆದರೆ ಈ ಸಲ ಒಂದು ಹೊಸ ಕೋಣೆ ತೆರೆದಿತ್ತು. ವಯಸ್ಸಾದವರೆಲ್ಲ ಡಾಕ್ಟರ ಹತ್ತಿರ ಹೋಗುವ ಮುಂಚೆ ಅಲ್ಲಿರುವ ಆಹಾರ ತಜ್ಞೆಯನ್ನು ಕಾಣಬೇಕೆಂದು ಹೊರಗೆ ಚೀಟಿ ಕೊಡುವವರು ಹೇಳಿದರು. ನಮ್ಮಮ್ಮನಿಗೆ ಆಹಾರದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎನ್ನುತ್ತಲೇ ಮಗ ಅವಳ ರಟ್ಟೆ ಹಿಡಿದು ಒಳಗೆ ನಡೆಸಿದ.

ತಜ್ಞೆ ನಗುಮುಖದ ಹೆಂಗಸು, ಆದರೆ ಬಿಡುವ ಪೈಕಿಯಲ್ಲ. ಸ್ವೆಟರ್ ತೆಗೆಸಿದಳು. ಬೇಸಿಗೆಯಲ್ಲೂ ದೊಡ್ಡಕ್ಕ ಉದ್ದ ತೋಳಿನ ಸ್ವೆಟರ್ ಹಾಕುತ್ತಿದ್ದಳು. ಚಳಿ ಎಂದು ಹೇಳುತ್ತಿದ್ದಳು, ಮನೆಯವರು ನಂಬಿದ್ದರು. ಅದು ಕಳಚಿದಾಗ ದುಂಡಗಿನ ಹೊಟ್ಟೆ, ಅಗಲವಾದ ಸೊಂಟದ ಪಕ್ಕದಲ್ಲಿ ಒಂದು ತೆಳ್ಳನೆ ತೋಳು ಜೋತುಬಿದ್ದಿತ್ತು. ಯಾರದೋ ತೋಳನ್ನು ತಂದು ಅಂಟಿಸಿದ ಹಾಗೆ. ಮಗ ಅದನ್ನು ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ.

ತಜ್ಞೆ ಅವಳ ಎಡಗೈಯನ್ನು ಮೊಣಕೈಯಲ್ಲಿ ಮಡಿಸಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯ ತನಕ ಅಳೆದು, ಸರಿಯಾಗಿ ನಡುವೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟಳು. ಆಮೇಲೆ ಕೈಯನ್ನು ಇಳಿಬಿಡಲು ಹೇಳಿ, ಅಳತೆಯ ಗೆರೆಗಳಿದ್ದ ಬಣ್ಣದ ಪಟ್ಟಿಯೊಂದನ್ನು ಆ ಚುಕ್ಕೆಯ ಮೇಲೆ ಸುತ್ತಿದಳು. ಪಟ್ಟಿಯ ತುದಿ ಹಸಿರು ದಾಟಿ ಹಳದಿಯತ್ತ ಹೊರಟಿದ್ದನ್ನು ಕಂಡ ದೊಡ್ಡಕ್ಕ ಮೆಲ್ಲಗೆ ಮುಷ್ಟಿ ಬಿಗಿದು, ಇದ್ದಬದ್ದ ಶಕ್ತಿಯನ್ನೆಲ್ಲ ತೋಳಿಗೆ ತಂದುಕೊಂಡಳು.

"ಬಿಗಿ ಹಿಡೀಬೇಡಿ ಅಮ್ಮ, ಸಡಿಲ ಬಿಡಿ," ಎಂದಳು ತಜ್ಞೆ.

ಸಡಿಲ ಬಿಟ್ಟಳು. ಪಟ್ಟಿ ಹಳದಿಯನ್ನೂ ದಾಟಿ ಕೆಂಪಿನಲ್ಲಿ ಹೋಗಿ ನಿಂತಿತು.

ಮಗನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಈ ಪಟ್ಟಿಯನ್ನು ಅವನು ಪತ್ರಿಕೆಯಲ್ಲಿ ನೋಡಿದ್ದ, ಬರಗಾಲದ ಚಿತ್ರಗಳಲ್ಲಿ, ಎಲುಬು ಎದ್ದ ಮಕ್ಕಳ ತೋಳಿನ ಮೇಲೆ. ಅದನ್ನು ತನ್ನ ತಾಯಿಗೆ ಕಟ್ಟುವುದೆಂದರೇನು? ಮನೆಯಲ್ಲಿ ಹೊಟ್ಟೆಗೆ ಹಾಕುತ್ತಿಲ್ಲ ಎಂದು ಇವಳ ಅರ್ಥವೋ? ಅವನು ಎದ್ದು ನಿಂತು ತೂಕದ ಚೀಟಿಯನ್ನು ಮೇಜಿನ ಮೇಲಿಟ್ಟು, ಇದು ಕಾಣಿಸಲಿಲ್ಲವೇ ಎಂದು ಕೇಳಿದ. ಪಟ್ಟಿಯೇ ಸರಿಯಿಲ್ಲವೆಂದ. ಬಲಗೈಗೆ ಕಟ್ಟಿ ನೋಡಿ ಎಂದ. ಕೊನೆಗೆ ತನ್ನ ತೋಳನ್ನೇ ಚಾಚಿ ಅಳೆಯಿರಿ ಎಂದ.

ತಜ್ಞೆ ಅವನ ಮಾತು ಮುಗಿಯುವ ತನಕ ಕಾದಳು. ಮಕ್ಕಳ ಪಟ್ಟಿ ಬೇರೆ, ಇದು ದೊಡ್ಡವರದು, ಗೆರೆಗಳೂ ಬೇರೆ ಎಂದಳು. ಪಟ್ಟಿಯೊಂದನ್ನೇ ನಂಬಿ ತೀರ್ಮಾನ ಹೇಳುವುದಿಲ್ಲ, ಅದು ಅನುಮಾನ ಹುಟ್ಟಿಸುತ್ತದೆ ಅಷ್ಟೆ ಎಂದು, ತೋಳಿನ ಹಿಂಭಾಗದ ಚರ್ಮವನ್ನು ಬೆರಳಲ್ಲಿ ಎತ್ತಿಹಿಡಿದು ಇಕ್ಕಳದಂಥ ಸಾಧನದಿಂದ ಅದರ ದಪ್ಪ ನೋಡಿದಳು. ಸಣ್ಣ ತೋಳು, ಅದರಲ್ಲೂ ಬಹುಪಾಲು ಕೊಬ್ಬು. ಆಮೇಲೆ ಕೈಯ ಬಲ ಅಳೆಯುವ, ಗಡಿಯಾರದಂಥ ಮುಳ್ಳಿದ್ದ ಒಂದು ಹಿಡಿಯನ್ನು ಕೈಗೆ ಕೊಟ್ಟು ಹಿಂಡಲು ಹೇಳಿದಳು. ದೊಡ್ಡಕ್ಕ ಹಲ್ಲು ಕಚ್ಚಿ ಹಿಂಡಿದಳು, ಮುಳ್ಳು ಸ್ವಲ್ಪ ಅಲುಗಿ ಸುಮ್ಮನಾಯಿತು.

"ತೂಕ ಅಷ್ಟೇ ಇದೆಯಲ್ಲ ಮೇಡಂ," ಎಂದ ಮಗ, ಈಗ ಸ್ವಲ್ಪ ಮೆತ್ತಗೆ.

"ಮನೆ ಅದೇ ಇದೆ ಸಾರ್, ಒಳಗಿರೋ ಬಾಡಿಗೆಯವರು ಬದಲಾಗಿದಾರೆ," ಎಂದಳು ತಜ್ಞೆ. "ಮಾಂಸಖಂಡ ಹೋದಷ್ಟೇ ಕೊಬ್ಬು ಬಂದು ಕೂತಿದೆ. ತೂಕದ ಯಂತ್ರಕ್ಕೆ ಎರಡೂ ಒಂದೇ."

ಅವಳು ಒಂದು ಗಟ್ಟಿ ಕುರ್ಚಿ ತಂದಿಟ್ಟಳು. ಕೈ ಎರಡನ್ನೂ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು, ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುತ್ತೇನೆ ಎಂದಳು. ಮನೆಯ ಕುರ್ಚಿಯಿಂದ ಏಳುವಾಗ ಮಗನೋ ಸೊಸೆಯೋ ಯಾರಾದರೂ ಕೈ ಕೊಡುತ್ತಿದ್ದರು. ಅದನ್ನು ಅವರು ಸೇವೆ ಎಂದುಕೊಂಡಿದ್ದರು, ಇವಳು ಗುಟ್ಟು ಕಾಪಾಡಲು ಸಿಕ್ಕ ಉಪಾಯ ಎಂದುಕೊಂಡಿದ್ದಳು. ಈಗ ಕೈ ಕಟ್ಟಿ ಮುಂದೆ ಬಾಗಿದಳು. ಸೊಂಟ ಕುರ್ಚಿ ಬಿಡಲಿಲ್ಲ. ಇನ್ನೊಮ್ಮೆ ಬಾಗಿದಳು. ಮಗ ಅಭ್ಯಾಸಬಲದಿಂದ ಕೈ ಚಾಚಿ ಓಡಿಬಂದ, ತಜ್ಞೆ ಬೇಡವೆಂದು ತಡೆದಳು. ಒಮ್ಮೆಯೂ ಏಳಲು ಆಗಲಿಲ್ಲ.

ತಜ್ಞೆ ಮಗನನ್ನು ಹಳೆಯ ರಕ್ತಪರೀಕ್ಷೆಯ ವರದಿ ತರಲು ಹೊರಗೆ ಕಳಿಸಿದಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮುಂಚೆ ಮಾಡುತ್ತಿದ್ದು ಈಚೆಗೆ ಬಿಟ್ಟದ್ದು ಏನಾದರೂ ಉಂಟೋ, ಮೆಟ್ಟಿಲು ಹತ್ತುವುದು, ಬಸ್ಸು ಹತ್ತುವುದು ಎಂದು ಕೇಳಿದಳು. ದೊಡ್ಡಕ್ಕ ಹುಬ್ಬು ಗಂಟಿಕ್ಕಿದಳು. ಮೆಟ್ಟಿಲು ಹತ್ತಿ ನೋಡಬೇಕಾದಂಥ ಜನ ಯಾರೂ ತನಗಿಲ್ಲ, ಇದ್ದ ಒಬ್ಬಳು ಮುಚ್ಚಳ ನುಂಗಿದವಳು ಎಂದಳು. ಯಾವ ಮುಚ್ಚಳ ಎಂದು ತಜ್ಞೆ ಕೇಳಿದಳು. ಪರಿಚಯವಿಲ್ಲದವರ ಮುಂದೆ ಸತ್ಯ ಹೇಳುವುದು ಸುಲಭ. ಮನೆಯಲ್ಲಿ ಯಾರಿಗೂ ಬಾಯಿಬಿಡದಿದ್ದ ಮಾತು ಅಲ್ಲಿ ಹೊರಗೆ ಬಂತು.

"ಅವತ್ತು ಅರ್ಧ ಮೆಟ್ಟಿಲು ಹತ್ತಿದ್ದೆ ಕಣಮ್ಮ. ಕಾಲು ನಡುಗೋಕೆ ಶುರುವಾಯ್ತು, ಮುಂದಿನ ಮೆಟ್ಟಿಲಿಗೆ ಎತ್ತೋಕೇ ಆಗಲಿಲ್ಲ. ಅವಳು ಮೇಲೆ ನಿಂತು ನೋಡ್ತಿದ್ಲು. ಆಗಲ್ಲ ಅಂತ ಹೇಗೆ ಹೇಳ್ಲಿ? ನಾನು ಅವಳಿಗೆ ಅಕ್ಕ. ಬಾಯಿಗೆ ಮುಚ್ಚಳದ ಮಾತು ಬಂತು, ಅಂದುಬಿಟ್ಟೆ."

"ಈಗ ಅವರಿಲ್ಲದೆ ಬೇಜಾರಾಗತ್ತಾ?"

"ಸಾಯೋ ಅಷ್ಟು," ಎಂದಳು ದೊಡ್ಡಕ್ಕ, ಮತ್ತು ಸ್ವೆಟರ್ ತೊಟ್ಟುಕೊಳ್ಳುವ ನೆವದಲ್ಲಿ ಮುಖ ಮುಚ್ಚಿಕೊಂಡಳು.

ಡಾಕ್ಟರು ಎಲ್ಲ ನೋಡಿ, ಥೈರಾಯಿಡ್, ಮೂತ್ರಪಿಂಡ, ಜೀವಸತ್ವಗಳ ಪರೀಕ್ಷೆಗೆ ರಕ್ತ ತೆಗೆಸಿ, ಒಂದು ವಾರ ಬಿಟ್ಟು ತೀರ್ಮಾನ ಹೇಳಿದರು. ಬೇರೆ ರೋಗವಿಲ್ಲ, ಮೂತ್ರಪಿಂಡ ಚೆನ್ನಾಗಿದೆ. ವಯಸ್ಸಿನ ಜೊತೆ ಮಾಂಸಖಂಡ ಕರಗುವುದು ಸಹಜ, ಆದರೆ ಇಷ್ಟು ಬೇಗ ಕರಗಿದ್ದಕ್ಕೆ ಎರಡು ಕಾರಣ: ತಿನ್ನುವುದರಲ್ಲಿ ಸಾರವಿಲ್ಲ, ಮೈಗೆ ಕೆಲಸವಿಲ್ಲ. ಹೀಗೇ ಬಿಟ್ಟರೆ ಒಂದು ದಿನ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಬೇಳೆ, ಕಾಳು, ಮೊಟ್ಟೆ, ಹಾಲು, ಮೊಸರು ಪ್ರತಿ ಊಟದಲ್ಲೂ ಬೇಕು. ಪಥ್ಯ ಮಾಡಿಸಿ ತೂಕ ಇಳಿಸಲು ಹೋಗಬೇಡಿ, ಇರುವ ಮಾಂಸವೂ ಹೋಗುತ್ತದೆ. ಕುರ್ಚಿಯಿಂದ ಏಳುವುದು, ಕೂರುವುದು, ಭಾರ ಎತ್ತುವುದು ವ್ಯಾಯಾಮದ ಹಾಗೆ, ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋಗಬೇಕು.

ಮಗ ಕೇಳಿದ: "ಅಂದ್ರೆ ಅಮ್ಮನ ಕೈಲಿ ಕೆಲಸ ಮಾಡಿಸ್ಬೇಕಾ ಡಾಕ್ಟ್ರೇ?"

"ಔಷಧಿ ಅಂದ್ಕೊಳ್ಳಿ," ಎಂದರು ಡಾಕ್ಟರು.

ಔಷಧಿಯಾದರೆ ಬಾಟಲಿಯಲ್ಲಿ ತಂದು ಬೀದಿಗೆಲ್ಲ ತೋರಿಸಬಹುದಿತ್ತು. ಇದನ್ನು ತೋರಿಸುವುದು ಹೇಗೆ? ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ದಿನವಿಡೀ ಮಾಡುವ ಕೆಲಸವೆಂದರೆ ಈ ಮನೆಯ ಕಿಟಕಿ ನೋಡುವುದು. ಅಮ್ಮ ನೀರಿನ ಬಕೆಟ್ಟು ಎತ್ತಿದ್ದು ಅವರ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ಮರ್ಯಾದೆ ಮೂರಾಬಟ್ಟೆಯಾಗುತ್ತದೆ. ಮಗ ಯೋಚಿಸಿ ಒಂದು ದಾರಿ ಕಂಡುಕೊಂಡ. ಬೆಳಿಗ್ಗೆ ಸಂಜೆ ಪರದೆ ಎಳೆದು, ಕಿಟಕಿ ಹಾಕಿ, ಟಿವಿಯ ಸದ್ದು ಏರಿಸಿ, ಆಮೇಲೆ ಅಮ್ಮನ ಕೈಗೆ ಬಕೆಟ್ಟು ಕೊಡುವುದು. ಕಳ್ಳಸಾಗಣೆ ಮಾಡುವ ಮನೆಯಲ್ಲೂ ಇಷ್ಟು ಜಾಗ್ರತೆ ಇರಲಿಕ್ಕಿಲ್ಲ. ಆ ಕತ್ತಲಲ್ಲಿ ದೊಡ್ಡಕ್ಕ ಎದ್ದು ಕೂತು, ಎದ್ದು ಕೂತು, ಅರ್ಧ ತುಂಬಿದ ಬಕೆಟ್ಟನ್ನು ಬಚ್ಚಲಿಂದ ಅಡುಗೆಮನೆಗೆ ಸಾಗಿಸುತ್ತಿದ್ದಳು. ಸೊಸೆ ಹಿಂದೆ ಹಿಂದೆಯೇ ನಡೆಯುತ್ತ, ಎತ್ತಿಕೊಳ್ಳಲು ಚಾಚುವ ತನ್ನ ಕೈಯನ್ನು ತಾನೇ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಅವಳಿಗೆ ಅದು ನಿಜವಾಗಿಯೂ ಸಂಕಟವಾಗಿತ್ತು.

ಬಕೆಟ್ಟಿನ ನೀರು ಚೆಲ್ಲಿ ನೆಲ ಜಾರುತ್ತದೆಂದು ಸೊಸೆಗೆ ಭಯ ಹತ್ತಿತು. ಎತ್ತಲು ಭಾರದ್ದು ಬೇರೆ ಏನಾದರೂ ಸಿಕ್ಕೀತೆಂದು ಅವಳು ಒಂದು ದಿನ ಅಟ್ಟ ಹತ್ತಿದಳು. ಮೇಲೆ ಸ್ವಲ್ಪ ಹೊತ್ತು ಸದ್ದು ನಿಂತಿತು. ಇಳಿದು ಬಂದವಳ ಕೈಯಲ್ಲಿ ಹಳೆ ಪತ್ರಿಕೆಯಲ್ಲಿ ಸುತ್ತಿದ್ದ ದುಂಡನೆಯ ವಸ್ತು. ಬಿಚ್ಚಿದಳು. ಹಿತ್ತಾಳೆಯ ಮುಚ್ಚಳ, ಒಳ್ಳೆ ಭಾರದ್ದು, ಹಿಡಿಯ ಸಮೇತ.

"ಅತ್ತೆ, ಇದು ಇಲ್ಲೇ ಇದೆಯಲ್ಲ?"

ಮಗ ಮುಚ್ಚಳವನ್ನೂ ಅಮ್ಮನನ್ನೂ ನೋಡಿದ. ಆ ಪತ್ರಿಕೆ ಸುತ್ತಿ ಮುಚ್ಚಳವನ್ನು ಅಲ್ಲಿಟ್ಟವಳೇ ದೊಡ್ಡಕ್ಕ, ಮೈಯಲ್ಲಿ ಶಕ್ತಿ ಇದ್ದ ಕಾಲದಲ್ಲಿ. ಮರೆತಿದ್ದೆ ಎಂದು ಹೇಳಬಹುದಿತ್ತು. ವಯಸ್ಸಾದವರಿಗೆ ಆ ಒಂದು ಅನುಕೂಲ ಯಾವತ್ತೂ ಇರುತ್ತದೆ. ಆದರೆ ಕ್ಲಿನಿಕ್ಕಿನಲ್ಲಿ ಒಮ್ಮೆ ಬಾಯಿಬಿಟ್ಟ ಮೇಲೆ ಸುಳ್ಳು ಯಾಕೋ ಮುಂಚಿನ ಹಾಗೆ ಸಲೀಸಾಗಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೇಳಿ ಮಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅಷ್ಟು ಜೋಪಾನ ಮಾಡಿದೆವಲ್ಲ ಅಮ್ಮ ಎಂದ. ಹೌದಪ್ಪ, ಜೋಪಾನ ಮಾಡಿ ಮಾಡಿ ಸವೆಸಿಬಿಟ್ಟಿರಿ, ಸವೆಯುವಾಗ ನಾನೂ ಸುಮ್ಮನೆ ಕೂತು ಚಹಾ ಕುಡಿದೆ, ತಪ್ಪು ಎಲ್ಲರದೂ ಎಂದಳು ಅಮ್ಮ.

ಮಗನಿಗೆ ಬುದ್ಧಿ ಬಂತೇ ಎಂದರೆ, ಅವನದೇ ರೀತಿಯಲ್ಲಿ ಬಂತು. ಚಿಕ್ಕಮ್ಮನ ಮನೆಗೆ ಅಮ್ಮನನ್ನು ಕುರ್ಚಿ ಸಮೇತ ಹೊತ್ತು ಹತ್ತಿಸಲು ಇಬ್ಬರು ಆಳುಗಳನ್ನು ಗೊತ್ತು ಮಾಡಿ ಬಂದ. ದೊಡ್ಡಕ್ಕ ಕಡ್ಡಿ ಮುರಿದ ಹಾಗೆ ಬೇಡವೆಂದಳು. ನನ್ನ ಕಾಲ ಮೇಲೆ ನಾನು ಹೋಗ್ತೀನಿ, ಅಲ್ಲೀವರೆಗೂ ಯಾರೂ ಅವಳಿಗೆ ಫೋನ್ ಮಾಡಕೂಡದು ಅಂದಳು. ಅಂದಿನಿಂದ ಮುಚ್ಚಳವೇ ಅವಳ ವ್ಯಾಯಾಮದ ಭಾರವಾಯಿತು. ಒಂದು ದಿನ ಸೆಖೆ ತಡೆಯದೆ ತಾನೇ ಎದ್ದು ಹೋಗಿ ಪರದೆ ಸರಿಸಿ ಕಿಟಕಿ ತೆರೆದಳು. ಎದುರು ಮನೆಯ ಮೇಷ್ಟ್ರು ನೋಡಿದರು. ದೊಡ್ಡಕ್ಕ ಅವರ ಕಣ್ಣೆದುರಿಗೇ ಮುಚ್ಚಳವನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಿದಳು. ಮೇಷ್ಟ್ರು ಮಗನನ್ನು ಬೀದಿಯಲ್ಲಿ ಹಿಡಿದು ಕೇಳಿದಾಗ ಅವನು ಎದೆಯುಬ್ಬಿಸಿ, ನಮ್ಮನೇಲಿ ಅಮ್ಮನಿಗೆ ಭಾರ ಎತ್ತಿಸುತ್ತೇವೆ, ನೀವೂ ಶುರು ಮಾಡಿ ಸಾರ್ ಎಂದ. ಬೊಗಳೆ ಬಿಡಲು ಅವನಿಗೊಂದು ವಿಷಯ ಬೇಕಿತ್ತು ಅಷ್ಟೆ.

ಮೂರು ತಿಂಗಳ ಮೇಲೆ ಕ್ಲಿನಿಕ್ಕಿನಲ್ಲಿ ಮತ್ತೆ ಪಟ್ಟಿ ಸುತ್ತಿದರು. ತೋಳೇನೂ ಪೈಲ್ವಾನರ ತೋಳಾಗಿರಲಿಲ್ಲ, ಪಟ್ಟಿ ಕೂದಲೆಳೆಯಷ್ಟು ಸರಿದಿತ್ತು. ಅಳತೆಗಿಂತ ಮೊದಲು ಬಲ ಬರುತ್ತದೆ ಎಂದು ತಜ್ಞೆ ಹೇಳಿದಳು. ಗಟ್ಟಿ ಕುರ್ಚಿಯಿಂದ ದೊಡ್ಡಕ್ಕ ಕೈ ಕಟ್ಟಿಕೊಂಡು ಐದು ಸಲ ಎದ್ದಳು, ನಿಧಾನವಾಗಿ, ಮೂಗಿನಲ್ಲಿ ಬುಸುಗುಡುತ್ತ, ಆದರೂ ಎದ್ದಳು. ಹೊರಡುವಾಗ ಹಾಗೊಂದು ಪಟ್ಟಿ ತನಗೂ ಬೇಕೆಂದು ಕೇಳಿ ಇಸಿದುಕೊಂಡಳು.

ಮುಂದಿನ ಭಾನುವಾರ ಸೊಸೆಯ ಜೊತೆ ಬಸ್ಸು ಹತ್ತಿದಳು. ಮುಚ್ಚಳವಿದ್ದ ಚೀಲ ಹೊತ್ತವಳು ಅವಳೇ. ತಂಗಿಯ ಮನೆಯ ಕೆಳಗೆ ಸೊಸೆಯನ್ನು ನಿಲ್ಲಿಸಿ ಒಬ್ಬಳೇ ಮೆಟ್ಟಿಲು ಹತ್ತಿದಳು. ಕಂಬಿ ಹಿಡಿದು ಒಂದೊಂದೇ ಹತ್ತಿ, ಅಂದು ಕಾಲು ನಡುಗಿದ ಜಾಗಕ್ಕೆ ಬಂದಾಗ ನಿಂತು ಉಸಿರು ಬಿಟ್ಟಳು. ಆಗ ಕಣ್ಣಿಗೆ ಬಿತ್ತು, ಮೇಲಿನ ಬಾಲ್ಕನಿಯಿಂದ ಬೀದಿಗೆ ಇಳಿಬಿಟ್ಟಿದ್ದ ಹಗ್ಗ, ಅದರ ತುದಿಗೆ ತರಕಾರಿಯ ಬುಟ್ಟಿ. ಮುಂಚೆ ಅದು ಅಲ್ಲಿರಲಿಲ್ಲ. ಮತ್ತೆ ಹತ್ತಿದಳು.

ಬಾಗಿಲು ತೆರೆದೇ ಇತ್ತು. ತಂಗಿ ಕೈಯಿರುವ ಒಂದು ಕುರ್ಚಿಯಲ್ಲಿ ಕೂತಿದ್ದಳು. ಅಕ್ಕನನ್ನು ಕಂಡು ಮುಖ ಅರಳಿತು, ತಕ್ಷಣ ಅದನ್ನು ಗಂಟಿಕ್ಕಿಕೊಂಡಳು. ಏಳಲಿಲ್ಲ. ಬಂದ್ಯಾ, ಕೂತ್ಕೋ, ಚಹಾ ಫ್ಲಾಸ್ಕಲ್ಲಿದೆ, ನೀನೇ ಬಗ್ಗಿಸ್ಕೋ, ನಿನ್ನ ಮೇಲೆ ಕೋಪ ಇನ್ನೂ ಇದೆ ಎಂದಳು. ಫ್ಲಾಸ್ಕು, ಲೋಟ, ಫೋನು, ಬಾಚಣಿಗೆ, ಬಿಸ್ಕತ್ತಿನ ಡಬ್ಬ, ಎಲ್ಲವೂ ಕೂತಲ್ಲಿಂದಲೇ ಕೈಗೆ ಸಿಗುವಂತೆ ಸುತ್ತ ಜೋಡಿಸಿದ್ದವು. ಮೈಮೇಲೆ ಉದ್ದ ತೋಳಿನ ಸ್ವೆಟರ್ ಇತ್ತು.

ದೊಡ್ಡಕ್ಕ ಮುಚ್ಚಳವನ್ನು ತೆಗೆದು ತಂಗಿಯ ತೊಡೆಯ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು.

"ನಮ್ಮನೆ ಅಟ್ಟದಲ್ಲೇ ಇತ್ತು. ನೀನು ವಾಪಸ್ಸು ಕೊಟ್ಟಿದ್ದು ನನಗೆ ಅವತ್ತೂ ಗೊತ್ತಿತ್ತು."

"ನನಗೂ ಗೊತ್ತಿತ್ತು. ನನ್ನ ಕೈಯಾರೆ ಕೊಟ್ಟಿದ್ದೆ."

"ಮತ್ತೆ ಅವತ್ತು ಕೊಟ್ಟಿದೀನಿ ಅನ್ನದೆ ಯಾಕೆ ಸುಮ್ಮನಿದ್ದೆ? ಜಗಳಕ್ಕೆ ನೀನು ಹಿಂದೆ ಬೀಳೋಳಲ್ಲವಲ್ಲ?"

ತಂಗಿ ಮುಚ್ಚಳದ ಹಿಡಿಯನ್ನು ಬೆರಳಿನಿಂದ ಸವರುತ್ತ ಕೂತಳು. ಆಮೇಲೆ ಬಾಲ್ಕನಿಯ ಹಗ್ಗದ ಕಡೆ ನೋಡಿದಳು. "ಮುಂದಿನ ಭಾನುವಾರ ನಾನು ಕೆಳಗಿಳಿದು ನಿಮ್ಮನೆಗೆ ಬರ್ಬೇಕಿತ್ತಲ್ಲ ಅಕ್ಕ," ಎಂದಳು. "ನೀನು ಜಗಳ ತೆಗೆದದ್ದು ಒಳ್ಳೇದೇ ಆಯ್ತು ಅಂದ್ಕೊಂಡೆ."

ದೊಡ್ಡಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ತಡೆದುಕೊಂಡು ಕುರ್ಚಿಯಿಂದ ಎದ್ದಳು, ಕೈ ಊರದೆ. ತಂಗಿ ಬಾಯಿ ತೆರೆದು ನೋಡುತ್ತಿದ್ದಂತೆ ಅವಳ ಸ್ವೆಟರಿನ ತೋಳನ್ನು ಭುಜದಿಂದ ಕಳಚಿ, ಚೀಲದಿಂದ ಬಣ್ಣದ ಪಟ್ಟಿ ತೆಗೆದು, ಆ ತೆಳ್ಳನೆ ತೋಳಿಗೆ ಸುತ್ತಿದಳು. ಪಟ್ಟಿಯ ಕೆಳಗೆ ತೋಳು ಮೆಲ್ಲಗೆ ಬಿಗಿಯಾಗತೊಡಗಿತು. ತಂಗಿ ಕಿಟಕಿಯಾಚೆ ನೋಡುತ್ತ, ಏನೂ ಅರಿಯದವಳಂತೆ ಮುಷ್ಟಿ ಹಿಡಿದಿದ್ದಳು.

"ಬಿಗಿ ಹಿಡೀಬೇಡ ಕಣೆ," ಎಂದಳು ದೊಡ್ಡಕ್ಕ. "ನನ್ನ ಮುಂದೆ ಸಡಿಲ ಬಿಡು."

ತಂಗಿ ಮುಷ್ಟಿ ಬಿಟ್ಟಳು.